ಪಿಎಲ್‌ಎಗೆ ಬೇಕಾದ ಗಾಳಿ, ಎಬಿಎಸ್‌ಗೆ ಆಗದ ಗಾಳಿ

ತ್ರೀಡಿ ಪ್ರಿಂಟರಿನ ನಾಝಲ್ ಹತ್ತಿರ ಸಾಮಾನ್ಯವಾಗಿ ಎರಡು ಬಗೆಯ ಫ್ಯಾನುಗಳಿರುತ್ತವೆ. ಒಂದು, ನಾಝಲಿನ ಮೇಲಿನ ಭಾಗ ಬಿಸಿಯಾಗದಂತೆ ಕಾಯುವುದು. ಪ್ರಿಂಟ್ ನಡೆಯುವಷ್ಟು ಹೊತ್ತೂ ಅದು ತಿರುಗುತ್ತಲೇ ಇರಬೇಕು. ಇನ್ನೊಂದು, ನಾಝಲಿನಿಂದ ಆಗಷ್ಟೇ ಹೊರಬಂದ ಪ್ಲಾಸ್ಟಿಕ್ಕಿನ ಮೇಲೆ ನೇರವಾಗಿ ಗಾಳಿ ಬೀಸುವುದು. ಇದೇ ಪಾರ್ಟ್ ಕೂಲಿಂಗ್ ಫ್ಯಾನ್. ಎಷ್ಟು ಬೀಸಬೇಕು, ಯಾವಾಗ ಬೀಸಬೇಕು ಎಂಬ ನಿರ್ಧಾರ ನಮ್ಮದೇ. ಈ ನಿರ್ಧಾರ ತಪ್ಪಿದರೆ ಪಿಎಲ್‌ಎಯಲ್ಲಿ ಮಾಡಿದ ವಸ್ತು ಜೋತುಬೀಳುತ್ತದೆ, ಎಬಿಎಸ್‌ನಲ್ಲಿ ಮಾಡಿದ್ದು ಬಿರುಕು ಬಿಡುತ್ತದೆ.

ಒಂದು ಡಬ್ಬಿಯನ್ನೇ ತೆಗೆದುಕೊಳ್ಳೋಣ. 100 ಮಿಲಿಮೀಟರ್ ಉದ್ದ, ಒಳಗೆ ಒಂದು ಪುಟ್ಟ ಸರ್ಕ್ಯೂಟ್ ಬೋರ್ಡ್, ಮುಂದಿನ ಗೋಡೆಯಲ್ಲಿ ಡಿಸ್ಪ್ಲೇ ಕಾಣಲು 40 ಮಿಲಿಮೀಟರ್ ಅಗಲದ ಕಿಟಕಿ. ಮುಚ್ಚಳ ಕೂರಲೆಂದು ಗೋಡೆಯ ಮೇಲಂಚು ಒಳಕ್ಕೆ ಇಳಿಜಾರಾಗಿ ಚಾಚಿಕೊಂಡಿದೆ. ಪ್ರಿಂಟರು ವಸ್ತುವನ್ನು ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಪದರವಾಗಿ ಕಟ್ಟುತ್ತಾ ಬರುತ್ತದೆ. ಗೋಡೆಯ ಮಟ್ಟಿಗೆ ತೊಂದರೆಯಿಲ್ಲ, ಪ್ರತಿ ಪದರಕ್ಕೂ ಕೆಳಗೆ ಇನ್ನೊಂದು ಪದರದ ಆಸರೆ ಇರುತ್ತದೆ. ಕಿಟಕಿಯ ಮೇಲಂಚು ಬಂದಾಗ ಮಾತ್ರ ನಾಝಲ್ ಈ ಕಡೆಯಿಂದ ಆ ಕಡೆಗೆ ಬರಿಯ ಗಾಳಿಯಲ್ಲಿ ಎಳೆ ಎಳೆಯಬೇಕಾಗುತ್ತದೆ. ಇದು ಬ್ರಿಡ್ಜ್. ಒಳಕ್ಕೆ ಚಾಚಿದ ಅಂಚು ಓವರ್‌ಹ್ಯಾಂಗ್. ಅಲ್ಲಿ ಪ್ರತಿ ಪದರವೂ ಕೆಳಗಿನದಕ್ಕಿಂತ ತುಸು ಹೊರಗೆ ಜರುಗಿ ಕೂರುತ್ತದೆ, ಅದರ ಒಂದು ಭಾಗಕ್ಕಷ್ಟೇ ಆಸರೆ ಸಿಗುತ್ತದೆ.

ಎಷ್ಟು ಭಾಗಕ್ಕೆ ಎಂಬುದನ್ನು ಲೆಕ್ಕ ಹಾಕಬಹುದು. ಎಳೆಯ ಅಗಲ 0.4 ಮಿಲಿಮೀಟರ್, ಪದರದ ಎತ್ತರ 0.2 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ನೆಟ್ಟಗಿನ ಗೋಡೆಯಿಂದ 45 ಡಿಗ್ರಿ ವಾಲಿದರೆ ಪ್ರತಿ ಎಳೆಯೂ 0.2 ಮಿಲಿಮೀಟರ್ ಹೊರಗೆ ಹೋಗುತ್ತದೆ, ಅಂದರೆ ಅರ್ಧ ಎಳೆ ನೆಲೆಯ ಮೇಲೆ, ಅರ್ಧ ಗಾಳಿಯಲ್ಲಿ. ಅದೇ 60 ಡಿಗ್ರಿ ವಾಲಿದರೆ ಸುಮಾರು 0.35 ಮಿಲಿಮೀಟರ್ ಗಾಳಿಯಲ್ಲೇ ಇರುತ್ತದೆ. ಅಲ್ಲಿ ಎಳೆಯನ್ನು ಹಿಡಿದಿಡುವುದು ಕೆಳಗಿನ ಪದರಕ್ಕಿಂತ ಹೆಚ್ಚಾಗಿ, ಪ್ಲಾಸ್ಟಿಕ್ ಗಟ್ಟಿಯಾಗುವ ವೇಗ.

ಆ ವೇಗದಲ್ಲೇ ಎರಡು ಪ್ಲಾಸ್ಟಿಕ್ಕುಗಳ ದಾರಿ ಬೇರೆಯಾಗುವುದು. ಪಿಎಲ್‌ಎ ನಾಝಲಿನಿಂದ ಸುಮಾರು 210 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊರಬರುತ್ತದೆ, 60 ಡಿಗ್ರಿಯ ಆಸುಪಾಸಿಗೆ ಇಳಿದಾಗ ಬಿಗಿಯಾಗುತ್ತದೆ. ಎಬಿಎಸ್ ಸುಮಾರು 240 ಡಿಗ್ರಿಯಲ್ಲಿ ಹೊರಬಂದು 105ರ ಹತ್ತಿರ ಬಿಗಿಯಾಗುತ್ತದೆ. ಇಳಿಯಬೇಕಾದ ಡಿಗ್ರಿಗಳು ಒಂದರದು 150, ಇನ್ನೊಂದರದು 135. ಹೆಚ್ಚು ವ್ಯತ್ಯಾಸವಿಲ್ಲ ಎನಿಸುತ್ತದೆ. ಆದರೆ ಬಿಸಿ ವಸ್ತು ಒಂದೇ ವೇಗದಲ್ಲಿ ತಣ್ಣಗಾಗುವುದಿಲ್ಲ. ಕೋಣೆಯ ಉಷ್ಣಾಂಶಕ್ಕೆ ಹತ್ತಿರವಾದಷ್ಟೂ ಅದರ ಇಳಿತ ನಿಧಾನವಾಗುತ್ತದೆ. ಕೋಣೆಗಿಂತ ಎಷ್ಟು ಬಿಸಿಯಿದೆಯೋ ಆ ಅಂತರ ಅರ್ಧವಾಗಲು ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು.

ಕೋಣೆ 30 ಡಿಗ್ರಿ ಇದೆ ಎಂದುಕೊಂಡರೆ, ಪಿಎಲ್‌ಎಯ ಅಂತರ 180ರಿಂದ 30ಕ್ಕೆ ಇಳಿಯಬೇಕು. 180, 90, 45, ಆಮೇಲೆ ಇನ್ನೂ ಸ್ವಲ್ಪ: ಎರಡೂವರೆ ಸಲ ಅರ್ಧವಾಗಬೇಕು. ಎಬಿಎಸ್‌ನ ಅಂತರ 210ರಿಂದ 75ಕ್ಕೆ ಇಳಿದರೆ ಸಾಕು. 210, 105, ಆಮೇಲೆ ಇನ್ನೊಂದಿಷ್ಟು: ಒಂದೂವರೆ ಸಲ. ಅಂದರೆ ಒಂದೇ ಗಾಳಿಯಲ್ಲಿ, ಒಂದೇ ದಪ್ಪದ ಎಳೆಯಾದರೆ, ಎಬಿಎಸ್ ಬಿಗಿಯಾಗಲು ಹಿಡಿಯುವ ಹೊತ್ತಿನ ಸುಮಾರು 1.7 ಪಟ್ಟು ಹೊತ್ತು ಪಿಎಲ್‌ಎಗೆ ಬೇಕು. ಇದು ಸ್ಥೂಲ ಲೆಕ್ಕವೇ ಸರಿ, ಎಳೆಯಿಂದ ಎಳೆಗೆ ದಾಟುವ ಬಿಸಿಯನ್ನು ಇದರಲ್ಲಿ ಹಿಡಿದಿಲ್ಲ. ಆದರೂ ಪಿಎಲ್‌ಎ ಯಾಕೆ ಫ್ಯಾನನ್ನು ಅಷ್ಟು ಬೇಡುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರ ನನಗೆ ಕಂಡಿಲ್ಲ. ಅದು ಗಟ್ಟಿಯಾಗಬೇಕಾದ ಜಾಗ ಕೋಣೆಯ ಉಷ್ಣಾಂಶಕ್ಕೆ ತೀರಾ ಹತ್ತಿರದಲ್ಲಿದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಕೋಣೆಯೇ 40 ಡಿಗ್ರಿಗೆ ಏರಿದರೆ ಪಿಎಲ್‌ಎ ಮೂರು ಸಲ ಅರ್ಧವಾಗಬೇಕಾಗುತ್ತದೆ. ಡಿಸೆಂಬರಿನಲ್ಲಿ ಚೆನ್ನಾಗಿ ಬಂದ ಓವರ್‌ಹ್ಯಾಂಗ್ ಅದೇ ಸೆಟ್ಟಿಂಗಿನಲ್ಲಿ ಏಪ್ರಿಲಿನಲ್ಲಿ ಕೆಡಬಹುದು, ಅದಕ್ಕೆ ಪ್ರಿಂಟರನ್ನು ದೂರಿ ಪ್ರಯೋಜನವಿಲ್ಲ.

ಡಬ್ಬಿಯನ್ನು ಮೊದಲು ಪಿಎಲ್‌ಎಯಲ್ಲಿ ಮಾಡೋಣ. ಮೊದಲ ಒಂದೆರಡು ಪದರಗಳಿಗೆ ಫ್ಯಾನ್ ಬೇಡ, ಅವು ಬೆಡ್ಡಿಗೆ ಅಂಟಬೇಕು. ಅಲ್ಲಿಂದ ಮೇಲೆ ಪೂರ್ತಿ ಗಾಳಿ ಕೊಟ್ಟರೂ ನಡೆಯುತ್ತದೆ. ಕಿಟಕಿಯ ಮೇಲೆ ನಾಝಲ್ ಸೆಕೆಂಡಿಗೆ 20 ಮಿಲಿಮೀಟರ್ ವೇಗದಲ್ಲಿ ಚಲಿಸಿದರೆ ಒಂದು ಎಳೆ ದಾಟಲು ಎರಡು ಸೆಕೆಂಡು. ಪಾಕದ ಎಳೆಯಂತೆ ಅದು ನಾಝಲಿನ ಹಿಂದೆ ಬಿಗಿಯಾಗಿ ಎಳೆದುಕೊಂಡು ಬರುತ್ತದೆ, ಆ ಬಿಗಿ ಇರುವಾಗಲೇ ಗಟ್ಟಿಯಾದರೆ ನೇರವಾಗಿ ಉಳಿಯುತ್ತದೆ. ಗಾಳಿ ಸಾಲದಿದ್ದರೆ ನಡುಭಾಗ ಇಳಿಯುತ್ತದೆ. ಕಿಟಕಿಯನ್ನು ಕೆಳಗಿನಿಂದ ನೋಡಿದರೆ ಜೋತ ಎಳೆಗಳು ಒಂದೊಂದಾಗಿ ಬೇರೆ ಬೇರೆ ಕಾಣುತ್ತವೆ.

ಓವರ್‌ಹ್ಯಾಂಗಿನಲ್ಲಿ ಕಾಣುವ ಕುರುಹು ಬೇರೆ: ಅಂಚು ಕೆಳಗೆ ಜೋಲುವ ಬದಲು ಮೇಲಕ್ಕೆ ಸುರುಳುತ್ತದೆ. ಕಾರಣವಿದೆ. ಗಾಳಿಯಲ್ಲಿ ಚಾಚಿದ ತೆಳು ಅಂಚು ಇನ್ನೂ ಮೆತ್ತಗಿರುವಾಗಲೇ ಅದರ ಮೇಲೆ ಹೊಸ ಬಿಸಿ ಎಳೆ ಬೀಳುತ್ತದೆ. ಆ ಎಳೆ ತಣಿದು ಕುಗ್ಗುತ್ತಾ ಕೆಳಗಿನ ಮೆತ್ತನೆಯ ಅಂಚನ್ನು ಮೇಲಕ್ಕೆಳೆಯುತ್ತದೆ. ಮುಂದಿನ ಪದರಕ್ಕೆ ಬರುವಾಗ ನಾಝಲ್ ಆ ಎದ್ದ ತುದಿಗೆ ಟಕ್ ಟಕ್ ಎಂದು ತಾಗುವುದು ಕೇಳಿಸುತ್ತದೆ. ಆ ಸದ್ದು ಕೇಳಿಸಿದರೆ ಗಾಳಿ ಹೆಚ್ಚಿಸಬೇಕು, ಇಲ್ಲವೇ ಓವರ್‌ಹ್ಯಾಂಗಿನ ವೇಗ ತಗ್ಗಿಸಬೇಕು.

ಪಿಎಲ್‌ಎ ಡಬ್ಬಿ ಮೇಜಿನ ಮೇಲಿರುವಷ್ಟು ದಿನ ಚೆನ್ನಾಗಿರುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲಿಟ್ಟರೆ ಅದೇ 60 ಡಿಗ್ರಿಯ ಗಡಿ ದಾಟಿ ಸೊಟ್ಟಗಾಗುತ್ತದೆ. ಆಗ ಜನ ಎಬಿಎಸ್ ಕಡೆ ತಿರುಗುತ್ತಾರೆ, ಪಿಎಲ್‌ಎಯ ಫ್ಯಾನ್ ಸೆಟ್ಟಿಂಗನ್ನೂ ಜೊತೆಗೇ ಒಯ್ಯುತ್ತಾರೆ. ಡಬ್ಬಿಯ ಮೂಲೆಗಳು ಬೆಡ್ಡಿನಿಂದ ಏಳುತ್ತವೆ, ಗೋಡೆಯ ನಡುವೆ ಅಡ್ಡಕ್ಕೆ ಬಿರುಕು ಬಾಯಿಬಿಡುತ್ತದೆ.

ಇದಕ್ಕೆ ಎರಡು ಕಾರಣಗಳು ಒಟ್ಟಿಗೆ ಸೇರುತ್ತವೆ. ಮೊದಲನೆಯದು ಕುಗ್ಗುವಿಕೆ. ಮೆತ್ತಗಿರುವಷ್ಟು ಹೊತ್ತು ಪ್ಲಾಸ್ಟಿಕ್ ಕುಗ್ಗಿದರೂ ಹರಿದು ಹೊಂದಿಕೊಳ್ಳುತ್ತದೆ. ಗಟ್ಟಿಯಾದ ಮೇಲಿನ ಕುಗ್ಗುವಿಕೆ ಮಾತ್ರ ಎಳೆತವಾಗಿ ಒಳಗೇ ಉಳಿಯುತ್ತದೆ. ಪಿಎಲ್‌ಎ ಗಟ್ಟಿಯಾದ ಮೇಲೆ ಕೋಣೆಯ ಉಷ್ಣಾಂಶಕ್ಕೆ ಇನ್ನು 30 ಡಿಗ್ರಿ ಇಳಿಯಬೇಕು, ಎಬಿಎಸ್ 75 ಡಿಗ್ರಿ. ನಮ್ಮ 100 ಮಿಲಿಮೀಟರ್ ಗೋಡೆಯಲ್ಲಿ ಪಿಎಲ್‌ಎಗೆ ಅದು ಸುಮಾರು 0.2 ಮಿಲಿಮೀಟರ್, ಎಬಿಎಸ್‌ಗೆ 0.6ರಿಂದ 0.7 ಮಿಲಿಮೀಟರ್. ಮೂರು ಪಟ್ಟು. ಎಬಿಎಸ್‌ಗೆ ಬೆಡ್ಡನ್ನು 100 ಡಿಗ್ರಿಗೆ ಕಾಯಿಸುವುದು ಕೆಳಗಿನ ಪದರಗಳಾದರೂ ಆ ಗಡಿಯ ಹತ್ತಿರವೇ ಇರಲಿ ಎಂದು. ಫ್ಯಾನ್ ಜೋರಾಗಿ ಬೀಸಿದರೆ ಮೇಲಿನ ಪದರಗಳು ಬೇಗ ತಣಿದು, ಬಿಸಿಯಾಗೇ ಇರುವ ಕೆಳಭಾಗವನ್ನು ಎಳೆಯುತ್ತವೆ.

ಎರಡನೆಯದು ಅಂಟು. ಹೊಸ ಪದರ ಹಳೆಯದಕ್ಕೆ ಅಂಟುವುದೆಂದರೆ ಎರಡೂ ಕಡೆಯ ಉದ್ದುದ್ದ ಅಣುಸರಪಳಿಗಳು ಗಡಿ ದಾಟಿ ಒಂದರೊಳಗೊಂದು ಸಿಕ್ಕಿಕೊಳ್ಳುವುದು. ಗಡಿಯ ಎರಡೂ ಬದಿ ಬಿಸಿಯಿರುವವರೆಗೆ ಮಾತ್ರ ಇದು ನಡೆಯುತ್ತದೆ. ಎಬಿಎಸ್‌ನಲ್ಲಿ ಈ ಅವಧಿ ಮೊದಲೇ ಚಿಕ್ಕದು, ಫ್ಯಾನ್ ಅದನ್ನೂ ಕಸಿದುಕೊಳ್ಳುತ್ತದೆ. ಹೆಚ್ಚಿದ ಎಳೆತ, ತಗ್ಗಿದ ಅಂಟು. ಗೋಡೆ ಪದರದ ಗೆರೆಯಲ್ಲೇ ಬಿಚ್ಚಿಕೊಳ್ಳದೆ ಇನ್ನೇನು ಮಾಡೀತು? ಅಂಟು ಹೇಗಿದೆ ಎಂದು ತಿಳಿಯಲು ಒಂದು ತೆಳು ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ ಪ್ರಿಂಟ್ ಮಾಡಿ ಕೈಯಿಂದ ಮುರಿಯಬೇಕು. ಗೆರೆಯುದ್ದಕ್ಕೂ ನಯವಾಗಿ ಕಳಚಿದರೆ ಅಂಟು ಸಾಲದು. ಮುರಿದ ಮುಖ ಒರಟಾಗಿ, ಪದರಗಳನ್ನು ದಾಟಿ ಅಂಕುಡೊಂಕಾಗಿದ್ದರೆ ಚೆನ್ನಾಗಿ ಕೂಡಿದೆ.

ಹಾಗಾದರೆ ಎಬಿಎಸ್ ಕಿಟಕಿಯ ಗತಿ? ಬ್ರಿಡ್ಜಿನ ಎಳೆಗೆ ಎಬಿಎಸ್‌ನಲ್ಲೂ ಗಾಳಿ ಬೇಕು. ಇಲ್ಲಿ ನಮಗೆ ಅನುಕೂಲವಾಗುವ ಸಂಗತಿಯೊಂದಿದೆ: ಬ್ರಿಡ್ಜಿನ ಕೆಳಗೆ ಅಂಟಿಕೊಳ್ಳಬೇಕಾದ ಪದರವೇ ಇಲ್ಲ. ಎರಡು ತುದಿಗಳು ಹಿಡಿದುಕೊಂಡರಾಯಿತು. ಆದ್ದರಿಂದ ಗೋಡೆ ಕಟ್ಟುವಾಗ ಫ್ಯಾನ್ ಸೊನ್ನೆ ಅಥವಾ ನೂರಕ್ಕೆ ಹತ್ತರಷ್ಟು, ಬ್ರಿಡ್ಜಿನ ಆ ಕೆಲವೇ ಸೆಕೆಂಡುಗಳಿಗೆ ಮೂವತ್ತು, ಅದು ಮುಗಿದೊಡನೆ ಮತ್ತೆ ಕೆಳಕ್ಕೆ. ಆ ಕೊನೆಯ ಹೆಜ್ಜೆ ಮುಖ್ಯ. ಬ್ರಿಡ್ಜಿನ ಮೇಲೆ ಬೀಳುವ ಮುಂದಿನ ಪದರಕ್ಕೂ ಅದೇ ಗಾಳಿ ಮುಂದುವರಿದರೆ ಕಿಟಕಿಯ ಮೇಲಿನ ಪಟ್ಟಿ ಎರಡು ಹಾಳೆಗಳಂತೆ ಬೇರ್ಪಡುತ್ತದೆ.

ಸ್ಲೈಸರ್ ತಂತ್ರಾಂಶಗಳಲ್ಲಿ ಇದಕ್ಕೆಂದೇ ಬೇರೆ ಖಾನೆ ಇರುತ್ತದೆ. ಪ್ರೂಸಾಸ್ಲೈಸರಿನಲ್ಲಿ ಅದರ ಹೆಸರು `Bridges fan speed`. ನಾವು ನಮೂದಿಸಿದ್ದು ಪ್ರಿಂಟರಿಗೆ ತಲುಪುವುದು ಇಂಥ ಆಜ್ಞೆಗಳಾಗಿ:

```
M106 S77
M106 S255
M107
```

ಇಲ್ಲಿ 255 ಎಂದರೆ ಪೂರ್ತಿ ವೇಗ, 77 ಎಂದರೆ ಸುಮಾರು ನೂರಕ್ಕೆ ಮೂವತ್ತು, ಮೂರನೆಯದು ಫ್ಯಾನನ್ನು ನಿಲ್ಲಿಸುತ್ತದೆ. ಆಜ್ಞೆ ಸಿಕ್ಕ ಕ್ಷಣಕ್ಕೇ ಫ್ಯಾನ್ ವೇಗ ಹಿಡಿಯುವುದಿಲ್ಲ ಎಂಬುದನ್ನೂ ಗಮನದಲ್ಲಿಡಬೇಕು. ನಿಂತ ಫ್ಯಾನ್ ತಿರುಗಲು ಒಂದು ಸೆಕೆಂಡು ಹಿಡಿದರೆ ನಮ್ಮ ಎರಡು ಸೆಕೆಂಡಿನ ಎಳೆಯಲ್ಲಿ ಅರ್ಧ ಮುಗಿದಿರುತ್ತದೆ. ಬ್ರಿಡ್ಜಿನ ಮೊದಲ ಎಳೆಯೊಂದೇ ಜೋತು ಉಳಿದವು ನೇರವಾಗಿದ್ದರೆ ಕಾರಣ ಇದೇ ಇರಬಹುದು. ಗೋಡೆಯಲ್ಲೂ ಫ್ಯಾನನ್ನು ಪೂರ್ತಿ ನಿಲ್ಲಿಸದೆ ನೂರಕ್ಕೆ ಹತ್ತರಲ್ಲಿ ತಿರುಗುತ್ತಿರಲು ಬಿಡುವುದು ಇದಕ್ಕೆ ಸರಳ ಉಪಾಯ. ಆರ್ಕಾಸ್ಲೈಸರಿನಲ್ಲಾದರೆ `Fan speed-up time` ಎಂಬಲ್ಲಿ ಫ್ಯಾನನ್ನು ಸ್ವಲ್ಪ ಮುಂಚೆಯೇ ಎಬ್ಬಿಸಲು ಹೇಳಬಹುದು.

ಮೂವತ್ತು ಎಂಬುದು ಶುರುವಿನ ಅಂದಾಜು ಮಾತ್ರ. ಒಂದೇ ಪುಟ್ಟ ಫ್ಯಾನಿರುವ ಪ್ರಿಂಟರಿನ ಮೂವತ್ತಕ್ಕೂ ಎರಡು ದೊಡ್ಡ ಬ್ಲೋವರುಗಳಿರುವುದರ ಮೂವತ್ತಕ್ಕೂ ಹೋಲಿಕೆಯೇ ಇಲ್ಲ. ಸುತ್ತಲ ಗಾಳಿಯ ಬಿಸಿಯೂ ಲೆಕ್ಕಕ್ಕೆ ಬರುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗಿನ ಪ್ರಿಂಟರಿನಲ್ಲಿ ಎಬಿಎಸ್ ಬೆಡ್ಡಿನ ಕಾವಿಗೇ ಒಳಗಿನ ಗಾಳಿ 50 ಡಿಗ್ರಿಯ ಆಸುಪಾಸಿಗೆ ಏರಬಹುದು. ಆಗ ಫ್ಯಾನ್ ಬೀಸುವುದೂ ಆ ಬೆಚ್ಚನೆಯ ಗಾಳಿಯನ್ನೇ, ಎಬಿಎಸ್ ಇಳಿಯಬೇಕಾದ 75 ಡಿಗ್ರಿ 55ಕ್ಕೆ ತಗ್ಗುತ್ತದೆ. ಅಲ್ಲಿ ಬ್ರಿಡ್ಜಿಗೆ ಐವತ್ತು, ಅರವತ್ತರವರೆಗೆ ಹೋದರೂ ಗೋಡೆ ಬಿರುಕು ಬಿಡದಿರಬಹುದು. ಅದೇ ಪೆಟ್ಟಿಗೆಯಲ್ಲಿ ಪಿಎಲ್‌ಎ ಹಾಕಿದಾಗ ಬಾಗಿಲು ತೆರೆದಿಡಬೇಕು. ಇಲ್ಲದಿದ್ದರೆ ಫ್ಯಾನ್ ಎಷ್ಟು ಜೋರಾಗಿ ಬೀಸಿದರೂ ಅದು ತಣಿಯುವುದು ನಿಧಾನ. ಫಿಲಮೆಂಟ್ ನಾಝಲಿಗೆ ಇಳಿಯುವ ಮುಂಚೆಯೇ ಮೆತ್ತಗಾಗಿ ಸಿಕ್ಕಿಕೊಳ್ಳುವ ಅಪಾಯವೂ ಇದೆ.

ತೆರೆದ ಪ್ರಿಂಟರಿನಲ್ಲಿ, ತಣ್ಣನೆ ಕೋಣೆಯಲ್ಲಿ ಎಬಿಎಸ್‌ನ 40 ಮಿಲಿಮೀಟರ್ ಬ್ರಿಡ್ಜಿಗೆ ಗೋಡೆಯನ್ನೂ ಉಳಿಸುವ, ಕಿಟಕಿಯನ್ನೂ ನೇರ ನಿಲ್ಲಿಸುವ ಫ್ಯಾನ್ ವೇಗ ಸಿಗದೆಯೂ ಹೋಗಬಹುದು. ಆಗ ನಾನು ಬದಲಾಯಿಸುವುದು ಡಬ್ಬಿಯ ನಕ್ಷೆಯನ್ನು. ಕಿಟಕಿಯ ಮೇಲಂಚನ್ನು ಅಡ್ಡಕ್ಕೆ ಎಳೆಯದೆ, ಎರಡೂ ಬದಿಯಿಂದ 45 ಡಿಗ್ರಿ ಇಳಿಜಾರಿನಲ್ಲಿ ಏರಿಸಿ ನಡುವೆ ಕೂಡಿಸಿದರೆ ಎಳೆಗಳಿಗೆಲ್ಲ ಅರ್ಧ ಆಸರೆ ಸಿಗುತ್ತದೆ. ಕಿಟಕಿ 20 ಮಿಲಿಮೀಟರ್ ಎತ್ತರ ಬೆಳೆಯುತ್ತದೆ. ಡಬ್ಬಿಯಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ಇಳಿಜಾರನ್ನು ಅರ್ಧಕ್ಕೇ ನಿಲ್ಲಿಸಿ, ಉಳಿದ 20 ಮಿಲಿಮೀಟರನ್ನಷ್ಟೇ ಬ್ರಿಡ್ಜಾಗಿ ಬಿಡಬಹುದು. ಅಷ್ಟು ಗಿಡ್ಡ ಎಳೆಗೆ ಕಡಿಮೆ ಗಾಳಿಯೇ ಸಾಕಾಗುತ್ತದೆ.