ಮಷೀನ್ ಎಲ್ಲಿ ನಿಲ್ಲಬೇಕು?

ಫೇಡ್, ಅಂಡರ್‌ಕಟ್, ಸೈಡ್ ಪಾರ್ಟ್ ಈ ಮೂರೂ ಕ್ರಾಪುಗಳಲ್ಲಿ ನೆತ್ತಿಯ ಮೇಲೆ ಕೂದಲು ಉದ್ದ, ಪಕ್ಕದಲ್ಲಿ ಗಿಡ್ಡ. ಉದ್ದವೂ ಗಿಡ್ಡವೂ ಸೇರುವ ಜಾಗದಲ್ಲಿ ಮಾತ್ರ ಅವು ಬೇರೆಯಾಗುತ್ತವೆ. ಆ ಜಾಗವನ್ನು ಯಾರು ಬೇಕಾದರೂ ಗುರುತಿಸಿಕೊಳ್ಳಬಹುದು. ಬಾಚಣಿಗೆಯನ್ನು ಕಿವಿಯ ಮೇಲ್ಭಾಗದಲ್ಲಿ ತಲೆಗೆ ಚಪ್ಪಟೆಯಾಗಿ ಒತ್ತಿ ನೆಟ್ಟಗೆ ನಿಲ್ಲಿಸಿದರೆ, ಸ್ವಲ್ಪ ಮೇಲೆ ಹೋಗುತ್ತಲೇ ತಲೆ ಒಳಕ್ಕೆ ಬಾಗಿ ಬಾಚಣಿಗೆಯಿಂದ ದೂರ ಸರಿಯುತ್ತದೆ. ಪಕ್ಕ ಮುಗಿದು ನೆತ್ತಿ ಶುರುವಾಗುವ ತಿರುವು ಅದೇ. ಕೂದಲು ಕತ್ತರಿಸುವ ಮಷೀನ್ ಈ ತಿರುವಿಗಿಂತ ಎಷ್ಟು ಕೆಳಗೆ ನಿಂತಿತು, ಅಥವಾ ಅದನ್ನು ದಾಟಿತೇ ಎಂಬುದರ ಮೇಲೆ ಮುಖದ ಆಕಾರ ಕಾಣುವ ರೀತಿ ನಿಂತಿರುತ್ತದೆ.

ಫೇಡ್‌ನಲ್ಲಿ ಕೂದಲು ಕೆಳಗಿನಿಂದ ಮೇಲಕ್ಕೆ ಹಂತಹಂತವಾಗಿ ಉದ್ದವಾಗುತ್ತದೆ. ಕಿವಿಯ ಸುತ್ತ ಚರ್ಮ ಕಾಣುವಷ್ಟು ಗಿಡ್ಡವಿದ್ದು, ಅದರ ಮೇಲೆ ಒಂದು ನಂಬರ್, ಅಂದರೆ ಸುಮಾರು 3 ಮಿಲಿಮೀಟರ್, ಇನ್ನೂ ಮೇಲೆ ಎರಡು ನಂಬರ್, ಅಂದರೆ 6 ಮಿಲಿಮೀಟರ್ ಇರುತ್ತದೆ. ಒಂದು ಅಳತೆ ಮುಗಿದು ಇನ್ನೊಂದು ಶುರುವಾದದ್ದು ಕಣ್ಣಿಗೆ ತಿಳಿಯಬಾರದು. ಈ ಇಳಿಜಾರು ಕಿವಿಯ ಮೇಲೆಯೇ ಮುಗಿದರೆ ಲೋ ಫೇಡ್, ಕಣತಲೆಯ ಮಟ್ಟಕ್ಕೆ ಬಂದರೆ ಮಿಡ್ ಫೇಡ್, ತಿರುವಿನ ಹತ್ತಿರಕ್ಕೆ ಏರಿದರೆ ಹೈ ಫೇಡ್. ಅಂಡರ್‌ಕಟ್‌ನಲ್ಲಿ ಇಳಿಜಾರೇ ಇಲ್ಲ. ಪಕ್ಕ ಪೂರ್ತಿ ಒಂದೇ ಅಳತೆ, ಅದರ ಮೇಲೆ ಹತ್ತು ಹದಿನೈದು ಸೆಂಟಿಮೀಟರ್ ಉದ್ದದ ಕೂದಲು ಮಾಡಿನ ಸೂರಿನ ಹಾಗೆ ಇಳಿಬಿದ್ದಿರುತ್ತದೆ. ಸೈಡ್ ಪಾರ್ಟ್ ಎಂದರೆ ಅಪ್ಪ ಅಜ್ಜಂದಿರ ಕಾಲದ ಬೈತಲೆಯ ಕ್ರಾಪೇ. ಪಕ್ಕದ ಕೂದಲನ್ನು ಹೆಚ್ಚಾಗಿ ಕತ್ತರಿಯಿಂದಲೇ ಎರಡು ಮೂರು ಸೆಂಟಿಮೀಟರ್ ಉಳಿಸಿ ಕತ್ತರಿಸಿ, ಮೇಲಿನದನ್ನು ಒಂದು ಕಡೆಗೆ ಬಾಚುತ್ತಾರೆ.

ಮುಖ ಯಾವ ಬಗೆಯದು ಎಂಬುದನ್ನು ಕನ್ನಡಿಯ ಮುಂದೆ ಟೇಪು ಹಿಡಿದೇ ನೋಡಬೇಕು. ಬರೀ ಕಣ್ಣಂದಾಜು ಇಲ್ಲಿ ಮೋಸ ಮಾಡುತ್ತದೆ. ಹಣೆಯ ಕೂದಲಂಚಿನಿಂದ ಗದ್ದದವರೆಗಿನ ಉದ್ದ, ಹಣೆ, ಕೆನ್ನೆ, ದವಡೆಗಳ ಅಗಲ, ಈ ನಾಲ್ಕು ಅಳತೆ ಸಾಕು. ಉದ್ದವು ಕೆನ್ನೆಯ ಅಗಲಕ್ಕಿಂತ ಬಹಳ ಹೆಚ್ಚಿಲ್ಲದೆ, ದವಡೆ ಮೂಲೆಯಿಲ್ಲದೆ ಬಾಗಿದ್ದರೆ ಅದು ದುಂಡು ಮುಖ. ಉದ್ದ ಅಷ್ಟೇ ಇದ್ದರೂ ಹಣೆ, ಕೆನ್ನೆ, ದವಡೆಗಳ ಅಗಲ ಹೆಚ್ಚುಕಡಿಮೆ ಒಂದೇ ಆಗಿದ್ದು, ಕಿವಿಯ ಕೆಳಗೆ ದವಡೆಯ ಮೂಲೆ ಎದ್ದು ಕಂಡರೆ ಚೌಕ ಮುಖ. ಅಗಲದ ಒಂದೂವರೆಯಷ್ಟು ಉದ್ದವಿದ್ದು ಕೆಳಕ್ಕೆ ನಯವಾಗಿ ಕಿರಿದಾದರೆ ಅಂಡಾಕಾರ. ಬಹಳಷ್ಟು ಜನರ ಮುಖ ಈ ಮೂರರ ನಡುವೆ ಎಲ್ಲೋ ಇರುತ್ತದೆ. ಅಂಥವರು ದವಡೆಯನ್ನು ನೋಡಿ ನಿರ್ಧರಿಸುವುದೇ ಮೇಲು, ಏಕೆಂದರೆ ಕೆನ್ನೆಯ ತುಂಬು ಮೈತೂಕದ ಜೊತೆ ಏರಿಳಿಯುತ್ತದೆ, ಮೂಳೆ ಬದಲಾಗುವುದಿಲ್ಲ.

ಮೂರರಲ್ಲಿ ಕ್ರಾಪಿನಿಂದ ಹೆಚ್ಚು ಬದಲಾಗುವುದು ದುಂಡು ಮುಖ. ಗದ್ದದಿಂದ ನೆತ್ತಿಯವರೆಗೆ 22 ಸೆಂಟಿಮೀಟರ್ ಎತ್ತರ, ಕಿವಿಯ ಮೇಲೆ 15 ಸೆಂಟಿಮೀಟರ್ ಅಗಲ ಇರುವ ಒಂದು ತಲೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಎರಡು ತಿಂಗಳು ಕತ್ತರಿ ಕಾಣದೆ ಪಕ್ಕದ ಕೂದಲು ಎರಡೂ ಕಡೆ ಎರಡೆರಡು ಸೆಂಟಿಮೀಟರ್ ಹೊರಗೆ ನಿಂತಿದೆ, ನೆತ್ತಿಯ ಕೂದಲು ಎಣ್ಣೆ ಹಚ್ಚಿ ಚಪ್ಪಟೆಯಾಗಿದೆ. ಎದುರಿನಿಂದ ನೋಡುವವರಿಗೆ ಅದು 22 ಎತ್ತರ, 19 ಅಗಲದ ಉಂಡೆ. ಅದೇ ತಲೆಗೆ ಮಿಡ್ ಫೇಡ್ ಮಾಡಿ ಪಕ್ಕವನ್ನು 3 ಮಿಲಿಮೀಟರ್‌ಗೆ ತಂದು, ಮುಂಗೂದಲನ್ನು ಮೂರು ಸೆಂಟಿಮೀಟರ್ ಮೇಲಕ್ಕೆತ್ತಿದರೆ ಎತ್ತರ 25, ಅಗಲ 15.6. ಕೆನ್ನೆ ಇದ್ದ ಹಾಗೆಯೇ ಇದೆ, ಆದರೆ ಉಂಡೆ ಹೋಗಿದೆ. ಲೋ ಫೇಡ್‌ನಲ್ಲಿ ಇಷ್ಟು ಫಲ ಸಿಗದು. ಕಿವಿಯ ಹತ್ತಿರ ಚರ್ಮ ಕಂಡರೂ ಅದರ ಮೇಲೆ, ಅಗಲ ಹೆಚ್ಚಾಗುವ ಕಡೆಯಲ್ಲೇ, ಕೂದಲು ಉಬ್ಬಿಕೊಂಡು ಉಳಿಯುತ್ತದೆ. ಕುರ್ಚಿಯಲ್ಲಿ ಕೂತು ‘ಫೇಡ್ ಮಾಡಿ’ ಎಂದಷ್ಟೇ ಹೇಳಿ, ಎಲ್ಲಿಯವರೆಗೆ ಎಂದು ಹೇಳದೆ ಎದ್ದು ಬಂದವರ ಪಾಡು ಇದು.

ದುಂಡು ಮುಖಕ್ಕೆ ಅಂಡರ್‌ಕಟ್ ಕೂಡ ಒಪ್ಪುತ್ತದೆ, ಮೇಲಿನ ಕೂದಲನ್ನು ಹಿಂದಕ್ಕೆ ಎತ್ತಿ ಬಾಚಿದರೆ. ಹಣೆಯ ಮೇಲೆ ಅಡ್ಡಲಾಗಿ ಬಿಟ್ಟರೆ ಮುಖದ ಉದ್ದವೇ ಕತ್ತರಿಸಿದಂತಾಗಿ ಕೆನ್ನೆ ಇನ್ನಷ್ಟು ತುಂಬಿ ಕಾಣುತ್ತದೆ. ಸೈಡ್ ಪಾರ್ಟ್ ಮಾಡಿಸುವವರು ಬೈತಲೆಯನ್ನು ಹುಬ್ಬಿನ ಕಮಾನು ಅತಿ ಎತ್ತರವಿರುವ ಜಾಗದ ನೇರಕ್ಕೆ ತೆಗೆದು, ಪಕ್ಕವನ್ನು ಬೆರಳಿಗೆ ಸಿಗದಷ್ಟು ಗಿಡ್ಡ ಇಡಿಸಬೇಕು. ಮುಖದ ಮಧ್ಯದಿಂದ ಆಚೆ ಹಾಯುವ ಓರೆ ಗೆರೆ ದುಂಡನ್ನು ಮುರಿಯುತ್ತದೆ.

ಚೌಕ ಮುಖದ ಲೆಕ್ಕ ಬೇರೆ. ಇಲ್ಲಿ ಕೆಳಗೆ ಎರಡು ಮೂಲೆ ಆಗಲೇ ಇವೆ. ಪಕ್ಕವನ್ನು ಬೋಳಿಸಿ ನೆತ್ತಿಯನ್ನು ಮಟ್ಟಸವಾಗಿ ಕತ್ತರಿಸಿದರೆ ಮೇಲೂ ಎರಡು ಮೂಲೆ ಹುಟ್ಟಿ ತಲೆ ಪೆಟ್ಟಿಗೆಯಾಗುತ್ತದೆ. ಹೈ ಫೇಡ್‌ಗೂ ಗಟ್ಟಿ ಗೆರೆಯ ಅಂಡರ್‌ಕಟ್‌ಗೂ ಈ ಅಪಾಯವಿದೆ. ಬಿಗಿಯಾದ ಸೈನಿಕ ಚಹರೆ ಬೇಕೆನ್ನುವವರಿಗೆ ಅದೇ ಇಷ್ಟವಾಗಬಹುದು, ಅದೇನೂ ತಪ್ಪಲ್ಲ. ಮೂಲೆ ಮೃದುವಾಗಬೇಕಾದರೆ ಮಾತ್ರ ಲೋ ಫೇಡ್ ಸಾಕು. ಕಣತಲೆಯ ಬಳಿ ಮೂರು ಅಥವಾ ನಾಲ್ಕು ನಂಬರಿನ, ಅಂದರೆ 10ರಿಂದ 13 ಮಿಲಿಮೀಟರ್ ಕೂದಲು ಉಳಿದು ತಿರುವು ದುಂಡಗಾಗಬೇಕು. ಈ ಮುಖಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಒಗ್ಗುವುದು ಸೈಡ್ ಪಾರ್ಟ್. ಎರಡು ಬದಿಯೂ ಒಂದೇ ಅಳತೆಯಲ್ಲಿರುವ ಮುಖದ ಮೇಲೆ ಕೂದಲು ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇರುವುದೇ ಅದಕ್ಕೆ ಕಾರಣ.

ಅಂಡಾಕಾರದ ಮುಖಕ್ಕೆ ಮೂರೂ ಹೊಂದುತ್ತವೆ ಎಂಬುದು ಸಲೂನ್‌ಗಳ ಮಾತು. ಬಹುಪಾಲು ನಿಜ. ಹೈ ಫೇಡ್ ಮಾಡಿಸಿ ಮೇಲೆ ಐದಾರು ಸೆಂಟಿಮೀಟರ್ ನಿಲ್ಲಿಸಿದರೆ ಮಾತ್ರ ಮೊದಲೇ ಉದ್ದವಿರುವ ಮುಖ ಸೋರೆಕಾಯಿಯಂತೆ ನೀಳವಾಗುತ್ತದೆ.

ಮುಖ ಒಪ್ಪಿದರೂ ಕೂದಲು ಒಪ್ಪದಿರುವುದುಂಟು. ದಪ್ಪನೆಯ, ನೆಟ್ಟಗೆ ನಿಲ್ಲುವ ಕೂದಲಿನವರು ಅಂಡರ್‌ಕಟ್ ಮಾಡಿಸಿದರೆ ಸೂರಿನಂಚಿನ ಕೂದಲು ಕೆಳಗೆ ಆಧಾರವಿಲ್ಲದೆ ಕೊಡೆಯಂತೆ ಹೊರಕ್ಕೆ ಚಾಚುತ್ತದೆ. ತನ್ನ ಭಾರಕ್ಕೆ ತಾನೇ ಮಲಗುವಷ್ಟು ಉದ್ದ ಬಿಟ್ಟರಷ್ಟೇ ಅದು ತಗ್ಗುತ್ತದೆ. ನೆತ್ತಿಯಲ್ಲಿ ಎರಡು ಸುಳಿ ಇರುವವರಿಗೆ ಅಲ್ಲಿ ಗಿಡ್ಡ ಮಾಡಿದಷ್ಟೂ ಜುಟ್ಟು ಏಳುತ್ತದೆ. ಬೈತಲೆಯೂ ಸುಳಿಯನ್ನು ಅನುಸರಿಸಬೇಕು. ಒದ್ದೆ ಕೂದಲನ್ನು ಹಿಂದಕ್ಕೆ ಬಾಚಿ, ಅಂಗೈಯಿಂದ ಮೆಲ್ಲಗೆ ಮುಂದಕ್ಕೆ ತಳ್ಳಿದರೆ ಅದು ತಾನಾಗಿ ಸೀಳುವ ಕಡೆಯೇ ಬೈತಲೆ. ಇನ್ನೊಂದು ಕಡೆಗೆ ಒತ್ತಾಯದಿಂದ ತೆಗೆದರೆ ಮಧ್ಯಾಹ್ನದ ಹೊತ್ತಿಗೆ ಜೆಲ್ ಕೂಡ ಸೋಲುತ್ತದೆ.

ಫೇಡ್ ಸರಿಯಾಗಿದೆಯೇ ಎಂದು ಕುರ್ಚಿಯಿಂದ ಏಳುವ ಮೊದಲೇ ನೋಡಬೇಕು. ಕಣ್ಣನ್ನು ಅರೆ ಮುಚ್ಚಿ ಕನ್ನಡಿ ನೋಡಿದರೆ ಒಳ್ಳೆಯ ಫೇಡ್ ಹೊಗೆಯಂತೆ ಕರಗಿ ಹೋಗುತ್ತದೆ, ಕೆಟ್ಟದ್ದರಲ್ಲಿ ಸುತ್ತಲೂ ಒಂದು ಕಪ್ಪು ಪಟ್ಟಿ ಉಳಿದಿರುತ್ತದೆ. ಸೊನ್ನೆಗೂ ಒಂದು ನಂಬರಿಗೂ ನಡುವೆ ಮಷೀನಿನ ಪಕ್ಕದ ಸನ್ನೆಯನ್ನು ಅರ್ಧ ತೆರೆದು, ಪ್ರತಿ ಸಲವೂ ಹೊರಕ್ಕೆ ಜಾರಿಸುತ್ತ ಆ ಗೆರೆಯನ್ನು ಅಳಿಸದೆ ಬಿಟ್ಟದ್ದರ ಗುರುತು ಅದು. ಐದು ನಿಮಿಷದ ಕೆಲಸ, ಕೇಳಿದರೆ ಮಾಡಿಕೊಡುತ್ತಾರೆ.

ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಬೆಳೆಯುತ್ತದೆ. ಹಾಗಾಗಿ ಚರ್ಮ ಕಾಣುತ್ತಿದ್ದ ಜಾಗದಲ್ಲಿ ಎರಡೇ ವಾರದಲ್ಲಿ ಐದಾರು ಮಿಲಿಮೀಟರ್ ತುಂಬಿ ಫೇಡ್ ಮಾಯವಾಗುತ್ತದೆ. ಅಂಡರ್‌ಕಟ್ ಮೂರು ನಾಲ್ಕು ವಾರ ತಡೆಯುತ್ತದೆ, ಆಮೇಲೆ ಪಕ್ಕದ ಕೂದಲು ಸೂರನ್ನು ಕೆಳಗಿನಿಂದ ಎತ್ತತೊಡಗುತ್ತದೆ. ಕತ್ತರಿಯಿಂದ ಮಾಡಿದ ಸೈಡ್ ಪಾರ್ಟ್ ಐದಾರು ವಾರ ಕಳೆದರೂ ಸೈಡ್ ಪಾರ್ಟ್ ಆಗಿಯೇ ಇರುತ್ತದೆ. ಅಷ್ಟರಲ್ಲಿ ಫೇಡ್‌ನವರು ಕಟಿಂಗ್ ಶಾಪಿಗೆ ಎರಡು ಸಲ ಹೋಗಿ ಬಂದಿರುತ್ತಾರೆ.