ನೊರೆಗೂ ಮುಂಚೆ ನೀರು ನುಂಗುವ ಸಾಬೂನು

ಕೊಳವೆಬಾವಿ ನೀರಿನಲ್ಲಿ ಬಟ್ಟೆ ಒಗೆಯುವವರಿಗೆ ಇದು ಗೊತ್ತು: ಎಷ್ಟು ಉಜ್ಜಿದರೂ ನೊರೆ ಏಳುವುದಿಲ್ಲ, ಬಕೆಟ್ಟಿನ ಅಂಚಿಗೆ ಬೂದುಬಣ್ಣದ ಅಂಟು ಮೆತ್ತಿಕೊಳ್ಳುತ್ತದೆ. ಅದೇ ಸಾಬೂನು ಮಳೆನೀರಿನಲ್ಲಿ ಎರಡು ಉಜ್ಜಿಗೇ ನೊರೆ ಬಿಡುತ್ತದೆ. ತಪ್ಪು ಸಾಬೂನಿನದಲ್ಲ. ಅದು ನೀರಿನೊಳಗೆ ಮಾಡಬೇಕಾದ ಕೆಲಸಕ್ಕೆ ಬೇಕಾದಷ್ಟು ಸಾಬೂನು ಉಳಿದೇ ಇರುವುದಿಲ್ಲ.

ಸಾಬೂನಿನ ಅಣುವಿಗೆ ಒಂದು ತಲೆ, ಒಂದು ಉದ್ದನೆಯ ಬಾಲ. ಋಣ ವಿದ್ಯುದಂಶವಿರುವ ತಲೆಗೆ ನೀರೆಂದರೆ ಇಷ್ಟ. ಹನ್ನೊಂದರಿಂದ ಹದಿನೇಳು ಇಂಗಾಲ ಪರಮಾಣುಗಳ ಬಾಲ ಎಣ್ಣೆಯ ಜಾತಿಯದು, ನೀರಿಗೆ ಸೇರದು. ನೀರಿಗೆ ಸ್ವಲ್ಪವೇ ಸಾಬೂನು ಹಾಕಿದರೆ ಈ ಅಣುಗಳು ಮೊದಲು ಮೇಲ್ಮೈಗೆ ಬಂದು, ತಲೆಯನ್ನು ನೀರಿನಲ್ಲಿಟ್ಟು ಬಾಲವನ್ನು ಗಾಳಿಗೆ ಚಾಚಿ ನಿಲ್ಲುತ್ತವೆ. ಮೇಲ್ಮೈ ತುಂಬುತ್ತಿದ್ದಂತೆ ನೀರಿನ ಮೇಲ್ಮೈ ಎಳೆತ ಇಳಿಯುತ್ತದೆ. ಅಲ್ಲಿ ಜಾಗ ಮುಗಿದ ಮೇಲೆ ಹೊಸದಾಗಿ ಬಂದ ಅಣುಗಳು ಐವತ್ತೋ ನೂರೋ ಒಟ್ಟುಗೂಡಿ, ಬಾಲಗಳನ್ನು ಒಳಗಿಟ್ಟು ತಲೆಗಳನ್ನು ಹೊರಗಿಟ್ಟು ಪುಟ್ಟ ಗೋಳಗಳಾಗುತ್ತವೆ. ಇದೇ ಮೈಸೆಲ್. ಅಡ್ಡಳತೆ ಕೆಲವೇ ನ್ಯಾನೋಮೀಟರು. ಅದರ ಹೊಟ್ಟೆಯಲ್ಲಿ ನೀರಿಲ್ಲ, ಇರುವುದು ಎಣ್ಣೆಯಂಥ ಜಾಗ. ಬಟ್ಟೆಯ ಜಿಡ್ಡು ಅಲ್ಲಿ ಸೇರಿಕೊಂಡು ನೀರಿನ ಜೊತೆ ಹರಿದುಹೋಗುತ್ತದೆ.

ಈ ಗುಂಪುಗಳನ್ನು ಕಣ್ಣಿಗೆ ಕಾಣದೆಯೇ ಊಹಿಸಿದವರು ಜೇಮ್ಸ್ ವಿಲಿಯಂ ಮೆಕ್‌ಬೈನ್. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1913ರ ಸುಮಾರಿಗೆ ಅವರು ಸಾಬೂನು ನೀರನ್ನು ಅಳೆಯುತ್ತಿದ್ದರು. ನೀರಿನ ಆವಿಯ ಒತ್ತಡ ನೋಡಿದರೆ ಕರಗಿದ ಕಣಗಳು ತೀರಾ ಕಡಿಮೆ ಅನಿಸುತ್ತಿತ್ತು. ವಿದ್ಯುತ್ತನ್ನು ಮಾತ್ರ ಆ ನೀರು ಧಾರಾಳವಾಗಿ ಹರಿಸುತ್ತಿತ್ತು. ವಿದ್ಯುದಂಶವುಳ್ಳ ಅಣುಗಳು ಗುಂಪುಕಟ್ಟಿದ್ದರೆ ಎರಡೂ ಸರಿಹೊಂದುತ್ತವೆ ಎಂದರು. ಇದೇ ಮೆಕ್‌ಬೈನ್ ಮುಂದೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮೊದಲ ನಿರ್ದೇಶಕರಾದರು ಎನ್ನುವುದನ್ನು ನಾವು ಮರೆತೇಬಿಟ್ಟಿದ್ದೇವೆ.

ಮೈಸೆಲ್ ಕಟ್ಟಲು ಒಂದು ಕನಿಷ್ಠ ಸಾಂದ್ರತೆ ಬೇಕು. ಅದಕ್ಕೆ ಕ್ರಾಂತಿಕ ಮೈಸೆಲ್ ಸಾಂದ್ರತೆ ಎಂದು ಹೆಸರು. ಕೊಬ್ಬರಿ ಎಣ್ಣೆಯ ಸಾಬೂನಿನ ಮುಖ್ಯ ಅಂಶವಾದ ಸೋಡಿಯಂ ಲಾರೇಟ್‌ಗೆ ಇದು ಲೀಟರಿಗೆ ಸುಮಾರು 5 ಗ್ರಾಂ. ಬಾಲ ಉದ್ದವಾದಷ್ಟೂ ಗುಂಪುಗೂಡುವ ಆತುರ ಹೆಚ್ಚು, ಹಾಗಾಗಿ ಸೋಡಿಯಂ ಓಲಿಯೇಟ್‌ಗೆ ಒಂದು ಗ್ರಾಂ ಕೂಡ ಬೇಡ. ಈ ಮಟ್ಟ ದಾಟಿದ ಮೇಲೆ ಹಾಕಿದ ಸಾಬೂನೆಲ್ಲ ಮೈಸೆಲ್‌ಗಳಿಗೇ ಹೋಗುತ್ತದೆ, ಮೇಲ್ಮೈ ಎಳೆತ ಹೆಚ್ಚುಕಡಿಮೆ ಅಲ್ಲಿಗೇ ನಿಂತುಬಿಡುತ್ತದೆ. ಪ್ರಯೋಗಾಲಯದಲ್ಲಿ ಈ ಮಟ್ಟವನ್ನು ಗುರುತಿಸುವ ಒಂದು ಬಗೆಯೂ ಅದೇ.

ಗಡಸು ನೀರು ಅಡ್ಡಗಾಲು ಹಾಕುವುದು ಈ ಮಟ್ಟ ಮುಟ್ಟುವುದಕ್ಕೂ ಮೊದಲೇ. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳಿಗೆ ಎರಡೆರಡು ಧನ ವಿದ್ಯುದಂಶ. ಒಂದೊಂದು ಕ್ಯಾಲ್ಸಿಯಂ ಅಯಾನು ಎರಡು ಸಾಬೂನಿನ ತಲೆಗಳನ್ನು ಹಿಡಿದುಕೊಂಡರೆ, ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಸಾಬೂನು ತಯಾರು. ಹಾಲು ಒಡೆದಂತೆ ಕಾಣುವ ಆ ಬಿಳಿ ಚೂರುಗಳು ನೊರೆಯನ್ನೂ ಕೊಡುವುದಿಲ್ಲ, ಮೈಸೆಲ್ಲನ್ನೂ ಕಟ್ಟುವುದಿಲ್ಲ. ಬಟ್ಟೆಯ ಎಳೆಗಳಲ್ಲಿ ಕೂತು ಬಿಳಿ ಅಂಗಿಯನ್ನು ಮಾಸಲು ಮಾಡುತ್ತವೆ.

ನಷ್ಟವೆಷ್ಟು? ಲೀಟರಿಗೆ 300 ಮಿಲಿಗ್ರಾಂ ಗಡಸುತನದ 15 ಲೀಟರ್ ನೀರನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಕುಡಿಯುವ ನೀರಿಗೆ ಭಾರತೀಯ ಮಾನಕದ ಅಪೇಕ್ಷಿತ ಮಿತಿ 200, ಬೇರೆ ನೀರೇ ಇಲ್ಲದಿದ್ದರೆ 600, ಹಾಗಾಗಿ ಇದು ಅತಿರೇಕದ ಉದಾಹರಣೆಯಲ್ಲ. ಈ ಗಡಸುತನವೆಂದರೆ ಲೀಟರಿಗೆ 3 ಮಿಲಿಮೋಲ್ ಕ್ಯಾಲ್ಸಿಯಂ. ಅದನ್ನು ತಣಿಸಲು 6 ಮಿಲಿಮೋಲ್, ಅಂದರೆ ಸುಮಾರು 1.8 ಗ್ರಾಂ ಸಾಬೂನು ಬೇಕು. ಇಡೀ ಬಕೆಟ್ಟಿಗೆ 27 ಗ್ರಾಂ. ನೂರು ಗ್ರಾಮಿನ ಬಿಲ್ಲೆಯಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಒಂದು ಚೂರೂ ಕೊಳೆ ತೆಗೆಯದೆ ಹೋಯಿತು. ಮೈಸೆಲ್ ಕಟ್ಟಲು ಬೇಕಾದ ಸಾಬೂನಿನ ಲೆಕ್ಕ ಇದಾದ ಮೇಲೆ ಶುರು.

ನೊರೆ ನಿಂತಿತೆಂದರೆ ಕ್ಯಾಲ್ಸಿಯಂ ತಣಿದಿದೆ ಎಂದರ್ಥ. ಸ್ಕಾಟ್ಲೆಂಡಿನ ಥಾಮಸ್ ಕ್ಲಾರ್ಕ್ 1841ರಲ್ಲಿ ಇದನ್ನೇ ಪರೀಕ್ಷೆಯಾಗಿ ಮಾಡಿದರು. ಮನೆಯಲ್ಲೂ ನೋಡಬಹುದು: ಒಂದೇ ಅಳತೆಯ ಎರಡು ಬಾಟಲಿಗಳಲ್ಲಿ ಮಳೆನೀರು, ಕೊಳವೆಬಾವಿ ನೀರು ತುಂಬಿ, ಕರಗಿಸಿದ ಸಾಬೂನನ್ನು ಹನಿಹನಿಯಾಗಿ ಹಾಕಿ ಕುಲುಕಬೇಕು. ಐದು ನಿಮಿಷ ನೊರೆ ಉಳಿಯಲು ಯಾವುದಕ್ಕೆ ಎಷ್ಟು ಹನಿ ಬೇಕಾಯಿತೆಂದು ಎಣಿಸಿದರೆ ಸಾಕು. ಸೋಪೆಂದು ಬಿಲ್ಲೆಯೇ ಬೇಕು, ಪುಡಿಯ ಡಿಟರ್ಜೆಂಟಲ್ಲ. ಅದರ ಸಲ್ಫೋನೇಟ್ ತಲೆ ಕ್ಯಾಲ್ಸಿಯಂಗೆ ಅಷ್ಟು ಸುಲಭವಾಗಿ ಸಿಕ್ಕಿಬೀಳುವುದಿಲ್ಲ.

ಸಾಬೂನಿನಿಂದಲೇ ಒಗೆಯುವುದಾದರೆ ಅದನ್ನು ಕ್ಯಾಲ್ಸಿಯಂಗೆ ಸುರಿಯುವ ಬದಲು ಅಗ್ಗದ ವಾಷಿಂಗ್ ಸೋಡಾವನ್ನು ಕೊಡುವುದು ಜಾಣತನ. ಮೇಲಿನ ಬಕೆಟ್ಟಿಗೆ ಬೇಕಾದದ್ದು ಸುಮಾರು 5 ಗ್ರಾಂ ಒಣ ಸೋಡಾ, ಒಂದು ಟೀ ಚಮಚ. ಕ್ಯಾಲ್ಸಿಯಂ ಕಾರ್ಬೋನೇಟಾಗಿ ಕೆಳಗೆ ಇಳಿಯುತ್ತದೆ. ಮೆಗ್ನೀಸಿಯಂ ಹೆಚ್ಚಿದ್ದರೆ ಫಲ ಅಷ್ಟು ಪೂರ್ತಿಯಲ್ಲ, ಅದರ ಕಾರ್ಬೋನೇಟ್ ನೀರಿನಲ್ಲಿ ತಕ್ಕಮಟ್ಟಿಗೆ ಕರಗಿಯೇ ಉಳಿಯುತ್ತದೆ. ಸೋಡಾ ಮೊದಲು ಹಾಕಿ, ಕದಡಿ, ಸ್ವಲ್ಪ ಹೊತ್ತು ಬಿಟ್ಟ ಮೇಲೆಯೇ ಸಾಬೂನು ಹಾಕಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ಕ್ಯಾಲ್ಸಿಯಂ ಸೋಡಾದ ಜೊತೆಗೆ ಒಂದಷ್ಟು ಸಾಬೂನನ್ನೂ ಹಿಡಿದುಕೊಳ್ಳುತ್ತದೆ.