ನಾಲೆಯ ನೀರಿಗೆ ಲೆಕ್ಕ

ನಾಲೆಯಲ್ಲಿ ನೀರನ್ನು ಮುಂದೆ ತಳ್ಳುವುದು ಇಳಿಜಾರು, ತಡೆಯುವುದು ತಳ ಮತ್ತು ದಂಡೆಗಳ ಒರಟು. ಇವೆರಡೂ ಸರಿತೂಗಿದಾಗ ನೀರು ಒಂದೇ ವೇಗದಲ್ಲಿ ಸಾಗುತ್ತದೆ. ಆ ವೇಗವನ್ನು ಅಂದಾಜಿಸಲು ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ:

V = (1/n) × R^(2/3) × S^(1/2)

V ಎಂದರೆ ಸೆಕೆಂಡಿಗೆ ಇಷ್ಟು ಮೀಟರ್ ಎಂಬ ಸರಾಸರಿ ವೇಗ, S ಇಳಿಜಾರು, n ಒರಟುತನದ ಅಂಕಿ. ನೀರಿನ ಅಡ್ಡಸೀಳಿನ ವಿಸ್ತೀರ್ಣವನ್ನು, ನೀರಿಗೆ ತಾಗಿರುವ ತಳ ಮತ್ತು ದಂಡೆಗಳ ಒಟ್ಟು ಉದ್ದದಿಂದ ಭಾಗಿಸಿದರೆ R ಸಿಗುತ್ತದೆ.

2 ಮೀಟರ್ ತಳದ, 1 ಮೀಟರ್ ನೀರಿರುವ ಮಣ್ಣಿನ ನಾಲೆಯೊಂದನ್ನು ತೆಗೆದುಕೊಳ್ಳಬಹುದು. ದಂಡೆ 1 ಮೀಟರ್ ಏರುವಷ್ಟರಲ್ಲಿ 1.5 ಮೀಟರ್ ಹೊರಕ್ಕೆ ಸರಿಯುತ್ತದೆ. ಆಗ ವಿಸ್ತೀರ್ಣ 3.5 ಚದರ ಮೀಟರ್, ತಾಗುವ ಉದ್ದ 5.6 ಮೀಟರ್, R ಸುಮಾರು 0.62. ಇಳಿಜಾರು 2500ಕ್ಕೆ 1. ಚೊಕ್ಕ ಮಣ್ಣಿನ ನಾಲೆಗೆ n 0.025 ಎಂದು ಹಿಡಿದರೆ ವೇಗ 0.58 ಮೀಟರ್. ಅದನ್ನು ವಿಸ್ತೀರ್ಣದಿಂದ ಗುಣಿಸಿದರೆ ಸೆಕೆಂಡಿಗೆ 2.05 ಘನ ಮೀಟರ್, ಅಂದರೆ ಸುಮಾರು 72 ಕ್ಯೂಸೆಕ್.

ಇಳಿಜಾರನ್ನು ನೀರಿನ ಮೇಲ್ಮಟ್ಟದಿಂದಲೇ ಅಳೆಯಬೇಕು, ಅದೂ ದೂರದಲ್ಲಿರುವ ಎರಡು ಬಿಂದುಗಳ ನಡುವೆ. ಈ ನಾಲೆಯಲ್ಲಿ 400 ಮೀಟರಿಗೆ ಇಳಿಯುವುದು ಬರೀ 16 ಸೆಂಟಿಮೀಟರ್. 50 ಮೀಟರಿಗೆ ಎರಡೇ. ಅಷ್ಟು ಕಿರಿದಾದ ಅಂತರದಲ್ಲಿ ಒಂದು ಸೆಂಟಿಮೀಟರ್ ಹೆಚ್ಚಾಗಿ ಓದಿದರೂ ಹರಿವಿನ ಲೆಕ್ಕ ಐದನೇ ಒಂದು ಪಾಲಿಗಿಂತ ಹೆಚ್ಚು ಉಬ್ಬುತ್ತದೆ.

ಇಳಿಜಾರನ್ನೂ ಅಗಲವನ್ನೂ ಅಳೆಯಬಹುದು. n ಅಳತೆಗೆ ಸಿಗುವುದಿಲ್ಲ, ಅದನ್ನು ಕಣ್ಣಂದಾಜಿನಲ್ಲಿ ಆರಿಸಬೇಕು; ಲೆಕ್ಕ ಹೆಚ್ಚಾಗಿ ಎಡವುವುದೂ ಇಲ್ಲೇ. ಕಳೆ, ಜೊಂಡು ಬೆಳೆದು n 0.035ಕ್ಕೆ ಏರಿತೆನ್ನಿ. ತೂಬಿನಿಂದ ಅದೇ 72 ಕ್ಯೂಸೆಕ್ ಬರುತ್ತಿದ್ದರೂ ನಿಧಾನವಾದ ನೀರಿಗೆ ಹೆಚ್ಚು ಜಾಗ ಬೇಕಾಗಿ ಆಳ ಸುಮಾರು 1.19 ಮೀಟರಿಗೆ ಏರುತ್ತದೆ. ಗೇಜ್ ಪಟ್ಟಿ ನೋಡಿ, ನಾಲೆ ಚೊಕ್ಕವಿದ್ದಾಗ ಸಿದ್ಧಪಡಿಸಿದ ಕೋಷ್ಟಕ ತೆರೆದವರಿಗೆ 100ಕ್ಕೂ ಹೆಚ್ಚು ಕ್ಯೂಸೆಕ್ ಎಂಬ ಉತ್ತರ ಸಿಗುತ್ತದೆ. ಕಾಗದದಲ್ಲಿ ಹರಿದ ನೀರು ಕೊನೆಯ ಗದ್ದೆಗೆ ಮುಟ್ಟದಿರಲು ಇದೂ ಒಂದು ಕಾರಣ.

ಅನುಮಾನ ಬಂದರೆ ತೇಲುವ ಮರದ ತುಂಡೊಂದು ಸಾಕು. ನೇರವಾದ ಭಾಗದಲ್ಲಿ, ನಾಲೆಯ ನಡುವೆ ಅದನ್ನು ಬಿಟ್ಟು 50 ಮೀಟರ್ ಸಾಗುವ ಹೊತ್ತನ್ನು ನೋಡಬೇಕು. ಮೇಲ್ಮೈಯ ವೇಗದ ಸುಮಾರು 0.85 ಪಾಲನ್ನು ಸರಾಸರಿ ವೇಗವೆಂದು ಹಿಡಿಯುವುದು ರೂಢಿ. ಕೋಷ್ಟಕ ನಿಜವಾಗಿದ್ದರೆ ತುಂಡು ಸುಮಾರು 66 ಸೆಕೆಂಡಿನಲ್ಲಿ ತಲುಪಬೇಕು. ಕಳೆ ತುಂಬಿದ ನಾಲೆಯಲ್ಲಿ 93 ಸೆಕೆಂಡು ಬೇಕಾಗುತ್ತದೆ. ಹೀಗೆ ಸಿಕ್ಕ ವೇಗವನ್ನು ಸೂತ್ರಕ್ಕೆ ಹಾಕಿ n ಅನ್ನೇ ಹಿಂದಿನಿಂದ ಲೆಕ್ಕ ಹಾಕಬಹುದು.

ಕೆಳಗಿನ ಗೇಟು ಮುಚ್ಚಿ ನೀರು ಹಿಂದಕ್ಕೆ ನಿಂತಿದ್ದರೆ ಈ ಲೆಕ್ಕ ನಡೆಯದು. ಆಗ ಆಳ ಹೆಚ್ಚಿರುತ್ತದೆ, ಮೇಲ್ಮಟ್ಟ ಮಾತ್ರ ಹೆಚ್ಚುಕಡಿಮೆ ಸಪಾಟು. ತಳದ ಇಳಿಜಾರನ್ನೇ S ಎಂದು ಬಳಸಿದರೆ ಇಲ್ಲದ ನೀರು ಲೆಕ್ಕಕ್ಕೆ ಬರುತ್ತದೆ. ಅಂಥ ಕಡೆ ಗೇಟಿನಿಂದ ಸಾಕಷ್ಟು ಮೇಲಕ್ಕೆ, ಆಳ ಉದ್ದಕ್ಕೂ ಒಂದೇ ಸಮನಿರುವ ಜಾಗದಲ್ಲಿ ಅಳೆಯಬೇಕು.